ಕರೆಂಟ್ ಕಂಬದಿಂದ ಹುಣಸೆ ಮರಕ್ಕೆ

ಹಾಸನದ ಆ ಓಟದ ಟ್ರ್ಯಾಕು ನನಗೆ ಮೊದಲ ದಿನವೇ ಹಿಡಿಸಲಿಲ್ಲ. ಟ್ರ್ಯಾಕಿನದೇನೂ ತಪ್ಪಿಲ್ಲ. ಗೆರೆಗಳು ನೆಟ್ಟಗಿದ್ದವು, ನೆಲ ಸಮನಾಗಿತ್ತು, ಕುಡಿಯುವ ನೀರಿನ ನಲ್ಲಿಯೂ ಇತ್ತು. ನಲವತ್ತಾರು ದಾಟಿದ ಹೈಸ್ಕೂಲು ಮೇಡಂ ಒಬ್ಬಳು ಅದರ ಮೇಲೆ ಓಡಬೇಕು, ಬೆಂಚಿನ ಮೇಲೆ ಸಾಲಾಗಿ ಕುಳಿತ ಗಂಡಸರು ಪ್ರಾಣಾಯಾಮ ಮಾಡುತ್ತಾ ಒಂದು ಕಣ್ಣು ತೆರೆದು ಅವಳನ್ನೇ ನೋಡಬೇಕು, ಅದು ನನಗೆ ಆಗುತ್ತಿರಲಿಲ್ಲ. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಹುಡುಗರು ಎರಡು ಸುತ್ತು ಮುಗಿಸಿ ನನ್ನ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋಗುತ್ತಿದ್ದರು. ಎಲ್ಲಿಂದ ಹೊರಟೆನೋ ಅಲ್ಲಿಗೇ ಬಂದು ನಿಲ್ಲುವುದಕ್ಕೆ ಇಷ್ಟು ಬೆವರು ಸುರಿಸಬೇಕೇ ಎಂದು ಸಿಟ್ಟು ಬರುತ್ತಿತ್ತು. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ.

ನನ್ನ ಜೊತೆ ಬರುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು, ಇನ್ನೂ ಒಟ್ಟು ಸಂಸಾರ. ನಾನು ಸ್ಕೂಲಿಗೆ ಹೋಗುತ್ತೇನೆ, ಅವಳು ದನ, ಹಾಲು, ತೆಂಗಿನ ತೋಟ ನೋಡಿಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ನನ್ನನ್ನು ಹೆದರಿಸಿದ ಮೇಲೆ ನಾನು ಬೆಳಿಗ್ಗೆ ನಡೆಯಲು ಶುರು ಮಾಡಿದೆ. ಒಬ್ಬಳೇ ಹೋಗಬಾರದೆಂದು ಅತ್ತೆ ಅವಳನ್ನೂ ಜೊತೆಗೆ ಅಟ್ಟಿದರು. ಒಂದು ದಿನ ನಮ್ಮ ಕರು ಹಗ್ಗ ಕಿತ್ತುಕೊಂಡು ರಸ್ತೆಗೆ ಬಿತ್ತು. ಅದನ್ನು ಹಿಡಿಯಲು ಓಡಿದವಳು ಕರು ಸಿಕ್ಕ ಮೇಲೂ ನಿಲ್ಲಲಿಲ್ಲ. ಕರುವಿನ ಜೊತೆಗೇ ಮನೆಯವರೆಗೂ ಓಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ತುಂಬ ನಗುತ್ತಿದ್ದಳು. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ವಿಷಯ ಹೊರಬಿತ್ತು. ಅವಳ ತವರು ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ರಸ್ತೆಯ ಮೇಲಿನ ಒಂದು ಊರು. ಒಂಬತ್ತನೇ ಕ್ಲಾಸಿನವರೆಗೂ ಅವಳು ಸ್ಕೂಲಿನಲ್ಲಿ ಓಡುತ್ತಿದ್ದಳು. ಊರು ಮುಗಿದ ಮೇಲೆ ರಸ್ತೆ ಏರುತ್ತದಂತೆ, ಏರಿನ ತುದಿಯಲ್ಲಿ ಒಂದು ಹುಣಸೆ ಮರ. ಮನೆಯ ಮುಂದಿನಿಂದ ಆ ಮರದವರೆಗೆ ದಿನಾ ಓಡುತ್ತಿದ್ದಳು. ತಾಲ್ಲೂಕು ಕ್ರೀಡಾಕೂಟಕ್ಕೆ ಹೆಸರು ಕೊಟ್ಟ ದಿನ ಅವಳ ಅಣ್ಣ ಸೈಕಲ್ಲಿನಲ್ಲಿ ಸ್ಕೂಲಿಗೇ ಬಂದ.

"ಬಂದವ್ನೆ ಇಳೀಲೂ ಇಲ್ಲ ಕಣಕ್ಕ," ಎಂದಳು. "ಒಂದು ಕಾಲು ನೆಲಕ್ಕೂರಿ, ಕ್ಯಾರಿಯರ್ ತೋರ್ಸಿ 'ಅತ್ಕೊ' ಅಂದ. ಹುಡ್ಗೀರೆಲ್ಲ ನೋಡ್ತಾವ್ರೆ. ಅತ್ಕೊಂಡೆ. ಅಷ್ಟೇಯ, ನನ್ ಓಟ."

ಅಣ್ಣ ಕೆಟ್ಟವನೇನಲ್ಲ. ಬಾಣಂತನ ಮಾಡಿಸಿದ, ಹಬ್ಬಕ್ಕೆ ಕರೆಯುತ್ತಾನೆ, ಸೀರೆ ಕೊಡುತ್ತಾನೆ. ಹೆಣ್ಣುಮಕ್ಕಳು ಬೀದಿಯಲ್ಲಿ ಓಡಿದರೆ ಮನೆಯ ಮಾನ ಹೋಗುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು, ಅದನ್ನು ಅವನು ತಂಗಿಯ ಮೇಲೆ ಇಳಿಸಿದ. ಅವಳು ಇದನ್ನು ಹೇಳುವಾಗ ಸೆಗಣಿ ಬಾಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

ನಮ್ಮ ಸ್ಕೂಲಿನ ಕ್ರೀಡಾಕೂಟಕ್ಕೆ ತೀರ್ಪುಗಾರರಾಗಿ ಬಂದ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು ಹಾಸನದಲ್ಲಿ ಬೆಳಗಿನ ಓಟದ ಗುಂಪೊಂದನ್ನು ನಡೆಸುತ್ತಿದ್ದರು. ಅವರು ಹೇಳಿದ್ದು ಒಂದು ರಿಲೇ ಬಗ್ಗೆ. ನಾಲ್ಕೈದು ಊರಿನ ಓಟಗಾರರು ಸೇರಿ ಹೊಳೆನರಸೀಪುರದಿಂದ ಹಾಸನದವರೆಗೆ ಓಡುವುದು, ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಒಂದೊಂದು ಪಾಳಿ. ಹೆಂಗಸರ ತಂಡವೂ ಇದೆ ಎಂದರು. ಮನೆಗೆ ಬಂದು ಹೇಳಿದೆ. ವಾರಗಿತ್ತಿ ಹಾಲಿನ ಕ್ಯಾನು ಕೆಳಗಿಟ್ಟಳು.

"ಅಕ್ಕ, ಎರಡ್ನೇ ಪಾಳಿ ನಮ್ಮ ತೌರ್ಮನೆ ಮುಂದ್ಲೇ ಓಯ್ತದೆ. ನಾನ್ ಅದ್ರಲ್ಲಿ ಓಡ್ಬೇಕು. ಅಗಲೊತ್ನಲ್ಲಿ, ಎಲ್ರೂ ನೋಡಂಗೆ."

ಹೀಗೆ ನಾವು ಭಾನುವಾರ ಸ್ಕೂಟರಿನಲ್ಲಿ ಪಟ್ಟಣಕ್ಕೆ ಹೋಗಿ, ಮೊದಲ ಬಸ್ಸು ಹಿಡಿದು, ಹಾಸನದ ಟ್ರ್ಯಾಕಿಗೆ ಬಿದ್ದೆವು. ಮೇಷ್ಟ್ರಿಗೆ ಒಂದೇ ದೇವರು, ಸ್ಟಾಪ್‌ವಾಚು. ಒಂದು ಸುತ್ತು ಜೋರಾಗಿ ಓಡು, ಸ್ವಲ್ಪ ಸುಧಾರಿಸಿಕೊ, ಸೀಟಿ ಊದಿದ ಕೂಡಲೇ ಮತ್ತೊಂದು ಸುತ್ತು, ಮತ್ತೊಂದು. ಪ್ರತಿ ಸುತ್ತಿಗೂ ಸಮಯವನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹಾಸನದ ಒಬ್ಬಾಕೆ ಅದನ್ನು ಹಬ್ಬದೂಟ ಉಂಡಂತೆ ಖುಷಿಯಿಂದ ಮಾಡುತ್ತಿದ್ದಳು. ಟ್ರ್ಯಾಕಿನಿಂದ ಅವಳ ಓಟ ಚೆನ್ನಾಗಿಯೂ ಆಗಿತ್ತು, ಇಲ್ಲವೆನ್ನಲು ನಾನು ಯಾರು? ನನ್ನ ವಾರಗಿತ್ತಿ ಮಾತ್ರ ಮೂರನೇ ಸುತ್ತಿಗೆ ಹುಲ್ಲಿನ ಮೇಲೆ ಕುಳಿತು ವಾಂತಿ ಮಾಡಿದಳು. ಮುಂದಿನ ಭಾನುವಾರವೂ ಅದೇ. ಸೀಟಿ ಕೇಳಿದರೆ ಅವಳ ಮೈ ಬಿಗಿದುಕೊಳ್ಳುತ್ತಿತ್ತು. ಭುಜ ಕಿವಿಯ ಹತ್ತಿರ ಬರುತ್ತಿತ್ತು. ಕರುವಿನ ಜೊತೆ ಓಡಿದವಳು ಇವಳೇನಾ ಎನಿಸಿತು.

"ಟ್ರ್ಯಾಕ್ ಕಲೀದೇ ಓಟ ಬರಲ್ಲ ಕಣ್ರಮ್ಮ," ಎಂದರು ಮೇಷ್ಟ್ರು. "ಇಲ್ಲಿ ಆಗ್ದಿದ್ದೋರಿಗೆ ರಿಲೇನಲ್ಲಿ ಜಾಗ ಇಲ್ಲ. ಬೇಜಾರ್ ಮಾಡ್ಕೋಬೇಡಿ."

ವಾಪಸು ಬಸ್ಸಿನಲ್ಲಿ ಶಾಂತಿಗ್ರಾಮ ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, "ಓಗ್ಲಿ ಬುಡಕ್ಕ," ಎಂದಳು. ಆ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಒಂದು ಸಲ ಅಣ್ಣ ಹೇಳಿದನೆಂದು ಬಿಟ್ಟಳು, ಈಗ ಒಂದು ಸೀಟಿ ಹೇಳಿತೆಂದು ಬಿಡಬೇಕೇ? ಬಿಡುವುದಿಲ್ಲ ಎಂದೆ. ಪಕ್ಕದ ಸೀಟಿನವನು ಸೀಟು ಬಿಡು ಎಂದು ಯಾರೋ ಗದರಿದರೆಂದುಕೊಂಡು ಎದ್ದೇ ನಿಂತ.

ಆ ವಾರವೆಲ್ಲ ಟ್ರ್ಯಾಕು ಬೇಡವಾದವರು ಏನು ಮಾಡುತ್ತಾರೆ ಎಂದು ಓದಿದೆ. ಲೋಕದಲ್ಲಿ ನಮ್ಮಂಥವರು ಬೇಕಾದಷ್ಟು ಜನ ಇದ್ದರು. ಸ್ವೀಡನ್ನಿನ ಕಡೆಯವರು ಇದಕ್ಕೆ ಫಾರ್ಟ್ಲೆಕ್ ಎನ್ನುತ್ತಾರೆ, ವೇಗದ ಆಟ ಅಂತ. ದಿನಾ ಓಡುವ ದಾರಿಯಲ್ಲೇ ಓಡು. ಮನಸ್ಸಿಗೆ ಬಂದಾಗ ಕಣ್ಣಿಗೆ ಕಂಡ ಒಂದು ಗುರುತಿನವರೆಗೆ ಜೋರು ಮಾಡು, ಆಮೇಲೆ ಉಸಿರು ಹದಕ್ಕೆ ಬರುವವರೆಗೆ ನಿಧಾನವಾಗಿ ಓಡುತ್ತಲೇ ಇರು, ಮತ್ತೆ ಇನ್ನೊಂದು ಗುರುತು ಹಿಡಿ. ಎಷ್ಟು ದೂರ, ಎಷ್ಟು ಸಲ ಎಂದು ಯಾರೂ ಬರೆದಿಡಬೇಕಿಲ್ಲ. ಹಸು ಕರೆಯುತ್ತಿದ್ದ ವಾರಗಿತ್ತಿಗೆ ಇದನ್ನು ವಿವರಿಸಿದೆ.

"ಇದ್ನ ಕಂಡಿಡಿಯಾಕೆ ಸ್ವೀಡನ್ನಿಗೋಗ್ಬೇಕಿತ್ತಾ?" ಎಂದಳು. "ನಾವ್ ಚಿಕ್ಕೋರಾಗಿ ಆಡ್ತಿರ್ನಿಲ್ವಾ, ಆ ಕಂಬ ಯಾರ್ ಮುಟ್ತೀರಾ ಅಂತ? ಕಂಬದಾಟ ಕಣಕ್ಕ ಇದು."

ನಮ್ಮ ಮನೆಯಲ್ಲಿ ಅದರ ಹೆಸರು ಅಂದಿನಿಂದ ಕಂಬದಾಟ.

ಮೊದಲ ದಿನ ಆಟ ಕೆಟ್ಟಿತು. ಇಬ್ಬರೂ ಮನೆಯ ಮೆಟ್ಟಿಲಿಳಿದವರೇ ಮೊದಲ ಕರೆಂಟ್ ಕಂಬಕ್ಕೆ ಪ್ರಾಣ ಬಿಟ್ಟು ಓಡಿದೆವು. ಮತ್ತೊಂದಕ್ಕೂ ಹಾಗೇ. ನಾಲ್ಕನೇ ಕಂಬವನ್ನು ನಾನು ತಬ್ಬಿಕೊಂಡು ನಿಂತೆ, ಅವಳು ಮೋರಿಯ ಕಟ್ಟೆಯ ಮೇಲೆ ಕುಳಿತಳು. ತಪ್ಪು ಎಲ್ಲಿ ಎಂದು ಮಾರನೇ ದಿನ ಗೊತ್ತಾಯಿತು. ಮೊದಲು ಮೈ ಬಿಸಿಯಾಗುವವರೆಗೆ ಸುಮ್ಮನೆ ನಿಧಾನವಾಗಿ ಓಡಬೇಕು. ಜೋರು ಅಂದರೆ ನಾಯಿ ಅಟ್ಟಿಸಿಕೊಂಡು ಬಂದ ಜೋರಲ್ಲ, ಕಂಬ ಮುಟ್ಟಿದ ಮೇಲೂ ಇನ್ನೊಂದಿಷ್ಟು ಓಡಬಲ್ಲೆ ಅನ್ನುವಷ್ಟು ಜೋರು. ನಿಧಾನ ಅಂದರೆ ನಿಲ್ಲುವುದಲ್ಲ. ಕಾಲು ಆಡುತ್ತಲೇ ಇರಬೇಕು, ಬಾಯಿಗೆ ಮಾತು ಬರಬೇಕು.

ಮಾತಿಗೆ ನಮ್ಮ ದಾರಿಯಲ್ಲಿ ಬರಗಾಲವಿಲ್ಲ. ಹೆಂಗಸೊಬ್ಬಳು ಎದುರಾದರೆ ನಮ್ಮ ಕಡೆ ಯಾರೂ ಮಾತಾಡಿಸದೆ ಬಿಡುವುದಿಲ್ಲ, ಮಾತಾಡಿಸಿದರೆ ಉತ್ತರ ಕೊಡದೆ ಹೋಗುವಂತಿಲ್ಲ. ಕೊಡದಿದ್ದರೆ ಸಂಜೆಯೊಳಗೆ ಅತ್ತೆಗೆ ದೂರು ಬರುತ್ತದೆ, ಮೇಡಮ್ಮಿಗೆ ಕೊಬ್ಬು ಎಂದು. ಹಾಗಾಗಿ ಅದನ್ನೇ ಅಳತೆ ಮಾಡಿಕೊಂಡೆವು. "ಕಾಪಿ ಆಯ್ತಾ? ಎತ್ಲಾಗೋಯ್ತಿದ್ದೀರಿ?" ಎಂದು ಜಗಲಿಯಿಂದ ಅಜ್ಜಿಯೊಬ್ಬರು ಕೂಗಿದರೆ ಅದು ನಿಧಾನದ ಪಾಳಿ. "ಆಯ್ತಜ್ಜಿ, ಏರಿ ಗಂಟ ಓಗ್ಬತ್ತೀವಿ, ನಿಮ್ ಮಂಡಿನೋವು ಎಂಗದೆ?" ಎಂದು ಪೂರ್ತಿ ಹೇಳಲು ಉಸಿರು ಸಾಕಾದರೆ ಸುಧಾರಿಸಿಕೊಂಡಿದ್ದೇವೆ ಎಂದರ್ಥ, ಮುಂದಿನ ಗುರುತು ಹಿಡಿಯಬಹುದು. "ಆಯ್ತು" ಅಷ್ಟೇ ಬಾಯಿಗೆ ಬಂದರೆ ಇನ್ನೂ ಸ್ವಲ್ಪ ಹೊತ್ತು ನಿಧಾನವೇ ಗತಿ. ಕಂಬಕ್ಕೆ ಓಡುವಾಗ ಯಾರಾದರೂ ಕೇಳಿದರೆ ಕೈ ಎತ್ತುವುದು. ಬರುವಾಗ ಮಾತಾಡಿಸುವ ಸಾಲ ಉಳಿಸಿಕೊಂಡು ಹೋಗುವುದು.

ದಿನಕ್ಕೊಂದು ಬಗೆ. ಒಂದು ದಿನ ಕಂಬ. ಒಂದು ದಿನ ಹಿಂದಿನಿಂದ ಬಸ್ಸಿನ ಸದ್ದು ಕೇಳಿದಾಗ ಜೋರು, ಬಸ್ಸು ನಮ್ಮನ್ನು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ. ಬಸ್ಸು ಬರದಿದ್ದರೆ ಅವತ್ತು ಸುಖ. ಒಂದು ದಿನ ಏರಿನಲ್ಲಿ ಮಾತ್ರ ಜೋರು, ಇಳಿಜಾರಿನಲ್ಲಿ ಮಂಡಿ ನೋಡಿಕೊಂಡು ಮೆತ್ತಗೆ. ಹೊಲಕ್ಕೆ ನೀರು ಹೋಗುವ ಚಾನೆಲ್ ದಂಡೆಯ ಮಣ್ಣುದಾರಿಯಲ್ಲಿ ಗುರುತುಗಳೇ ಇಲ್ಲ, ಅಲ್ಲಿ ಅವಳು ಹಾಡು ಹೇಳಿಕೊಳ್ಳುತ್ತಿದ್ದಳು, ಪಲ್ಲವಿಗೆ ನಿಧಾನ, ಚರಣವನ್ನು ಮನಸ್ಸಿನಲ್ಲೇ ಹೇಳಿಕೊಂಡು ಜೋರು. ಒಮ್ಮೆ ಅವಳು ಗುರುತು ಹೇಳಬೇಕು, ಒಮ್ಮೆ ನಾನು. ನಾನು ಹತ್ತಿರದ ತೆಂಗಿನ ಮರ ತೋರಿಸುತ್ತಿದ್ದೆ, ಅವಳು ಆ ತೋಟದ ಕೊನೆಯ ಮರ ತೋರಿಸುತ್ತಿದ್ದಳು. ವಾರಕ್ಕೆ ಎರಡೇ ದಿನ ಈ ಆಟ, ಉಳಿದ ದಿನ ಒಂದೇ ಸಮನೆ ಮೆಲ್ಲಗೆ. ನಡುವೆ ಹುರುಪು ಹೆಚ್ಚಾಗಿ ದಿನಾ ಆಡಿದ್ದಕ್ಕೆ ನನ್ನ ಮೀನಖಂಡ ಹಿಡಿದುಕೊಂಡು, ಒಂದು ವಾರ ಕ್ಲಾಸಿನಲ್ಲಿ ಕುಂಟುತ್ತಾ ಪಾಠ ಮಾಡಿದೆ.

ಜನರ ಕಾಟವೇ ಒಂದು ಪುರಾಣ. ಸುಮ್ಮನೆ ನಡೆಯುವ ಹೆಂಗಸನ್ನು ಊರು ಒಪ್ಪುತ್ತದೆ, ಸಕ್ಕರೆ ಕಾಯಿಲೆ ಇರಬೇಕು ಎನ್ನುತ್ತದೆ. ಒಂದೇ ಸಮನೆ ಓಡುವವಳನ್ನು ನಾಲ್ಕು ದಿನ ನೋಡಿ ಸುಮ್ಮನಾಗುತ್ತದೆ. ಜೋರಾಗಿ ಓಡಿ, ನಿಧಾನವಾಗಿ, ಮತ್ತೆ ಜೋರಾಗುವವಳನ್ನು ಕಂಡರೆ ಏನೋ ಆಗಿದೆ ಎಂದೇ ಲೆಕ್ಕ. ಅವಸರದಲ್ಲಿರುವ ಹೆಂಗಸನ್ನು ಬಿಟ್ಟು ಗಾಡಿ ಮುಂದೆ ಹೋಗುವುದು ನಮ್ಮಲ್ಲಿ ಪಾಪ. ಮೊಪೆಡ್ಡಿನವರು, ಟ್ರ್ಯಾಕ್ಟರಿನವರು, ಎಳನೀರಿನ ಆಟೋದವರು, ಎಲ್ಲರೂ ನಿಲ್ಲಿಸುತ್ತಿದ್ದರು. "ಅತ್ಕಳಿ ಮೇಡಮ್ನೋರೇ, ಬುಟ್ಬುಡ್ತೀನಿ." ಬೇಡ ಎಂದರೆ ನಂಬುತ್ತಿರಲಿಲ್ಲ, ಪಕ್ಕದಲ್ಲೇ ಬರುತ್ತಿದ್ದರು. ಒಬ್ಬ ಪುಣ್ಯಾತ್ಮ ಎರಡು ಫರ್ಲಾಂಗು ಹೀಗೇ ಬಂದು, "ನನ್ ಗಾಡಿ ಅಂದ್ರೆ ಅಸಡ್ಡೆನಾ?" ಎಂದು ಮುನಿಸಿಕೊಂಡು ಹೋದ.

ಒಂದು ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕಲು ಜನ ಸಾಲು ನಿಂತಿತ್ತು. ವಾರಗಿತ್ತಿ ಡೈರಿಯಾಚೆಯ ಅರಳಿಕಟ್ಟೆಯನ್ನು ಗುರುತು ಹಿಡಿದಳು. ಇಬ್ಬರೂ ಸಾಲನ್ನು ದಾಟಿ ಭರ್ರನೆ ಓಡಿದೆವು. ಹಿಂದೆ ಯಾರೋ, "ಅಯ್ಯೋ, ಏನಾಯ್ತಂತೆ?" ಎಂದರು. ತಿರುಗಿ ನೋಡಿದರೆ ನಮ್ಮ ಹಿಂದೆ ನಾಲ್ಕು ಜನ ಕ್ಯಾನು ಬಿಟ್ಟು ಓಡಿ ಬರುತ್ತಿದ್ದಾರೆ. ಅರಳಿಕಟ್ಟೆಯಲ್ಲಿ ನಾವು ನಿಧಾನವಾದಾಗ ಅವರೂ ನಿಧಾನವಾದರು. ಒಬ್ಬರು ಎದೆ ಹಿಡಿದುಕೊಂಡು, "ಯಾರ್ ಓದ್ರವ್ವಾ?" ಎಂದರು. ಅಷ್ಟರಲ್ಲಿ ಸುದ್ದಿ ಮೊಪೆಡ್ಡಿನಲ್ಲಿ ನಮ್ಮ ಮನೆ ಸೇರಿತ್ತು. ಅತ್ತೆಯ ತಮ್ಮ ಬಾಗೂರಿನಲ್ಲಿ ಹುಷಾರಿಲ್ಲದೆ ಮಲಗಿದ್ದರು. ಸೊಸೆಯಂದಿರು ಬಾಗೂರಿನ ದಿಕ್ಕಿಗೆ ಓಡುತ್ತಿದ್ದಾರೆ ಎಂದರೆ ಇನ್ನೇನು? ನಾವು ಮನೆ ಮುಟ್ಟಿದಾಗ ಅತ್ತೆ ಜಗಲಿಯಲ್ಲಿ ಕುಳಿತು ತಮ್ಮನ ಗುಣಗಾನ ಮಾಡಿ ಅಳುತ್ತಿದ್ದರು, ಸುತ್ತ ಕೇರಿಯ ಅರ್ಧ ಹೆಂಗಸರು.

ಅವತ್ತು ಮನೆಯಲ್ಲಿ ದೊಡ್ಡ ಜಗಳವಾಯಿತು. ಓಟ ನಿಲ್ಲಿಸಿ ಎಂದು ನನ್ನ ಗಂಡ, ಮೈದುನ ಇಬ್ಬರೂ ಒಂದೇ ರಾಗದಲ್ಲಿ ಹೇಳಿದರು. ನಾನು, "ಅಂಗಾದ್ರೆ ನಾಳೆಯಿಂದ ನೀವೇ ಎದ್ದು ಹಾಲ್ ಕರೀರಿ, ನಾವ್ ಮಲಗ್ತೀವಿ," ಎಂದೆ. ಮಾರನೇ ದಿನ ವಾರಗಿತ್ತಿ ನನಗಿಂತ ಮೊದಲೇ ಎದ್ದು, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆ ಬೂಟಿನ ದಾರ ಬಿಗಿದಿದ್ದನ್ನು ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತೆಯ ತಮ್ಮ ಮುಂದಿನ ವಾರ ತಾವೇ ಬಂದು ಕೋಳಿ ಸಾರು ಮುದ್ದೆ ಉಂಡು, ತಮ್ಮ ಬಗ್ಗೆ ಅಕ್ಕ ಏನೇನು ಹೇಳಿ ಅತ್ತಳೆಂದು ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು.

ಆ ನಡುವೆ ಮೇಷ್ಟ್ರ ಫೋನು ಬಂತು. ಮೂರು ಭಾನುವಾರ ಬಂದಿಲ್ಲ, ನಿಮ್ಮ ವಾರಗಿತ್ತಿಯ ಹೆಸರು ತೆಗೆಯುತ್ತಿದ್ದೇನೆ ಎಂದರು. ನನಗೆ ತಡೆಯಲಾಗಲಿಲ್ಲ.

"ಸಾರ್, ರಿಲೇ ಓಡೋದು ಟ್ರ್ಯಾಕ್ ಮೇಲೋ, ರಸ್ತೆ ಮೇಲೋ?"

"ರಸ್ತೆ ಮೇಲೇನೇ. ಆದ್ರೆ ತಯಾರಿ ಅನ್ನೋದು..."

"ತಯಾರಿ ಮಾಡ್ತಿದ್ದೀವಿ. ರಸ್ತೆ ಮೇಲೆ ನೋಡಿ, ಆಗ್ಲಿಲ್ಲ ಅಂದ್ರೆ ತೆಗೀರಿ. ನೋಡ್ದೇ ತೆಗೆದ್ರೆ ನಾನೂ ಓಡಲ್ಲ."

ನಾನು ಓಡದಿದ್ದರೆ ಜಗತ್ತೇನೂ ಮುಳುಗುತ್ತಿರಲಿಲ್ಲ. ಆದರೆ ಅದೇ ವಾರ ಮಲ್ಲಿಪಟ್ಟಣದಲ್ಲಿ ನರ್ಸ್ ಆಗಿದ್ದ ತಂಡದ ಇನ್ನೊಬ್ಬಾಕೆಯೂ ಅವರಿಗೆ ಇದೇ ಮಾತು ಹೇಳಿದ್ದಳು. ರಾತ್ರಿ ಪಾಳಿ ಮುಗಿಸಿ ಅರಕಲಗೂಡಿನಿಂದ ಹಾಸನದ ಬಸ್ಸು ಹಿಡಿದು ಟ್ರ್ಯಾಕು ಸುತ್ತಲು ತನ್ನ ಕೈಲಿ ಆಗುವುದಿಲ್ಲ, ತಾನು ತಂಬಾಕಿನ ಬ್ಯಾರನ್ನುಗಳನ್ನು ಗುರುತು ಹಿಡಿದು ಓಡುತ್ತಿದ್ದೇನೆ ಎಂದು. ಕಂಬದಾಟವನ್ನು ನಾನೇ ಅವಳಿಗೆ ಫೋನಿನಲ್ಲಿ ಹೇಳಿಕೊಟ್ಟಿದ್ದೆ. ತಂಬಾಕು ಬೇಯಿಸುವ ಆ ಎತ್ತರದ ಮನೆಗಳು ಅವಳ ಕಡೆ ಹೊಲಕ್ಕೊಂದರಂತೆ ಇವೆ. ಮೇಷ್ಟ್ರು ಬೇರೆ ದಾರಿ ಕಾಣದೆ ಸಾಲಗಾಮೆ ರಸ್ತೆಯಲ್ಲಿ ಒಂದು ಪರೀಕ್ಷೆ ಇಟ್ಟರು. ಹಾಸನದ ಕಡೆಯಿಂದ ಹೋಗಿ ವಾಪಸು ಬರುವುದು, ಮೊದಲು ಬಂದ ನಾಲ್ವರಿಗೆ ಜಾಗ, ಐವರು ಓಟಗಾರ್ತಿಯರು.

ಅವರು ಸ್ಕೂಟರಿನಲ್ಲಿ ಹಿಂದೆಯೇ ಬಂದರು. ಸೀಟಿ ಊದಬೇಡಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ. ಊದಲಿಲ್ಲ, ಅವರ ದೊಡ್ಡತನ. ಬ್ಯಾಂಕಿನಾಕೆ ಮೊದಲಿನಿಂದಲೂ ಮುಂದೆ. ಐವರಲ್ಲಿ ಚಿಕ್ಕವಳಾದ ಹಾಸನದ ಹುಡುಗಿಯೊಬ್ಬಳು ಅವಳ ಹಿಂದೆಯೇ ಹೋದಳು, ನನ್ನ ವಾರಗಿತ್ತಿ ಬಹಳ ಹಿಂದೆ ಉಳಿದಳು. ಆದರೆ ಆ ರಸ್ತೆ ಏರಿಳಿತದ್ದು. ಮೊದಲ ದಿಬ್ಬದಲ್ಲಿ ಹುಡುಗಿ ಬಿಗಿದುಕೊಂಡಳು, ನಮ್ಮವಳು ಭುಜ ಸಡಿಲ ಬಿಟ್ಟು ದಿಬ್ಬದ ಮೇಲಿನ ಅಂಗಡಿಯವರೆಗೆ ಜೋರು ಮಾಡಿದಳು. ಮೇಲೆ ಹೋಗಿ ನಿಧಾನವಾದಳು, ಉಸಿರು ಬಂತು, ಮತ್ತೆ ಒಂದು ಗೇಟಿನವರೆಗೆ ಜೋರು. ಹೀಗೆ ಸ್ವಲ್ಪ ಸ್ವಲ್ಪವೇ ದೂರವನ್ನು ತಿಂದಳು. ನರ್ಸೂ ನಾನೂ ಹುಡುಗಿಯನ್ನು ಆಗಲೇ ದಾಟಿದ್ದೆವು, ವಾಪಸು ಬರುವಾಗ ಕೊನೆಯ ದಿಬ್ಬದಲ್ಲಿ ನಮ್ಮವಳೂ ದಾಟಿದಳು. ದಾಟುವಾಗ, "ಬಾ ಮಗ, ಆ ಬೋರ್ಡ್ ಗಂಟ ಬಾ," ಎಂದು ಕರೆದಳಂತೆ. ಅಷ್ಟು ಮಾತಿಗೆ ಅವಳ ಹತ್ತಿರ ಉಸಿರಿತ್ತು.

ಮೇಷ್ಟ್ರು ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಅವಳ ಹತ್ತಿರ ಬಂದರು. "ಎಲ್ಲಿ ಜೋರು ಮಾಡ್ಬೇಕು ಅಂತ ಯಾರ್ ಹೇಳ್ಕೊಟ್ರಮ್ಮ?" ಎಂದರು.

"ಯಾರೂ ಇಲ್ಲ ಸಾ. ಕಂಬ ಕಂಡ್ರೆ ಕಾಲೇ ಓಯ್ತದೆ."

"ಎರಡನೇ ಪಾಳಿ ನಿಂದು. ಟ್ರ್ಯಾಕಿಗೂ ಬಂದಿದ್ರೆ ಇನ್ನೂ ಚೆನ್ನಾಗ್ ಓಡ್ತಿದ್ದೆ, ನನ್ ಮಾತು ನಾನ್ ಬಿಡಲ್ಲ," ಎಂದು ಗೊಣಗಿದರು. ನಾನೂ ಬಿಡುವುದಿಲ್ಲ ಎಂದೆ. ಅಲ್ಲಿಗೆ ಇಬ್ಬರಿಗೂ ರಾಜಿಯಾಯಿತು.

ರಿಲೇ ಭಾನುವಾರ ಬೆಳಿಗ್ಗೆ. ವಾರಗಿತ್ತಿ ತವರಿಗೆ ಫೋನು ಮಾಡಿ, "ಬತ್ತಾ ಇದೀನಿ, ಓಡ್ಕಂಡು ಬತ್ತೀನಿ, ರಸ್ತೆಗ್ ಬಂದು ನಿಂತ್ಕಳಿ," ಎಂದಷ್ಟೇ ಹೇಳಿದ್ದಳು. ಮೊದಲ ಪಾಳಿ ನನ್ನದು. ಹೊಳೆನರಸೀಪುರದಲ್ಲಿ ನಾಲ್ಕು ತಂಡಗಳು ಹೊರಟವು. ನಾನು ನನ್ನ ಕಂಬಗಳನ್ನು ಒಂದೊಂದಾಗಿ ಮುಗಿಸಿ, ಮೂರನೆಯವಳಾಗಿ ಬಂದು ರಿಲೇ ಕೋಲನ್ನು ಅವಳ ಕೈಗಿಟ್ಟೆ. ನನ್ನ ಕೈ ಬೆವರಿತ್ತು, ಅವಳದು ತಣ್ಣಗಿತ್ತು. ಮೇಷ್ಟ್ರು ನನ್ನನ್ನು ತಮ್ಮ ಓಮ್ನಿಗೆ ಹತ್ತಿಸಿಕೊಂಡರು. ಅವಳ ಹಿಂದೆ ಸ್ವಲ್ಪ ದೂರ ಬಿಟ್ಟು ನಿಧಾನವಾಗಿ ಬಂದೆವು.

ಅವಳ ಊರು ಬಂತು. ರಸ್ತೆಯ ಪಕ್ಕದಲ್ಲಿ ಅವಳ ಮನೆಯವರೆಲ್ಲ ನಿಂತಿದ್ದರು. ನನಗೆ ಮೊದಲು ಕಂಡದ್ದು ರಸ್ತೆಯಂಚಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಟವೆಲ್ಲು, ಪಕ್ಕದಲ್ಲಿ ಕಾಲು ತೊಳೆಯಲು ಚೊಂಬಿನಲ್ಲಿ ನೀರು. ಅತ್ತಿಗೆಯ ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ಒತ್ತುಶ್ಯಾವಿಗೆ ಮಾಡಿ ಕಾಯಿಹಾಲು ಕಾಸಿದ್ದರೆಂದು ಆಮೇಲೆ ತಿಳಿಯಿತು. ಪಾಪ, ಅವರು ತಿಳಿದುಕೊಂಡದ್ದು ಮಗಳು ಓಡಿಕೊಂಡು ತವರಿಗೆ ಬರುತ್ತಿದ್ದಾಳೆ ಎಂದು. ಮನೆಯ ಹೆಣ್ಣುಮಗಳು ಆ ರಸ್ತೆಯಲ್ಲಿ ಬಂದ ಮೇಲೆ ಇನ್ನೆಲ್ಲಿಗೆ ಹೋದಾಳು? ಬಾಗಿಲ ಮುಂದೆ ಬಂದ ಮಗಳು ಒಳಗೆ ಕಾಲಿಡದೆ, ಕುಂಕುಮ ಇಡಿಸಿಕೊಳ್ಳದೆ ದಾಟಿದರೆ ಅದು ಜಗಳವಾಡಿ ಹೋದ ಹಾಗೆ.

ಇಲ್ಲಿ ಅವಳು ನಿಂತುಬಿಡುತ್ತಾಳೆ ಎಂದು ನಾನು ಹೆದರಿದೆ. ಮೇಷ್ಟ್ರು, "ಅಯ್ಯೋ, ಕೂತ್ಕೊಂಡ್ಳು ಕಣಮ್ಮ," ಎಂದು ಸ್ಟೀರಿಂಗು ಬಡಿದರು. ಊರ ಮುಂದಿನ ರೋಡ್ ಹಂಪಿನಿಂದ ಜೋರಾಗಿ ಬರುತ್ತಿದ್ದವಳು ಕುರ್ಚಿ ಕಂಡು ನಿಧಾನವಾದಳು. ನಿಲ್ಲಲಿಲ್ಲ. ಅಜ್ಜಿಯರಿಗೆ ಉತ್ತರ ಕೊಡುವ ಅದೇ ನಿಧಾನದಲ್ಲಿ, ಕಾಲು ಆಡುತ್ತಲೇ, ಅತ್ತಿಗೆಯ ಕಡೆ ಹಣೆ ಬಾಗಿಸಿದಳು. ಅತ್ತಿಗೆ ತಟ್ಟೆ ಹಿಡಿದು ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಕುಂಕುಮ ಇಟ್ಟಳು. ಬೆವರಿಗೆ ಅದು ಮೂಗಿನವರೆಗೂ ಇಳಿಯಿತು. "ಅತ್ಗೆ, ಮುಂದಿನ್ ವಾರ ಬಂದು ಒಂದಿನ ಇರ್ತೀನಿ, ಶ್ಯಾವ್ಗೆ ಆಗ್ಲೂ ಮಾಡು," ಎಂದು ಪೂರ್ತಿ ಮಾತಾಡಿದಳು. ವ್ಯಾನಿನಲ್ಲಿದ್ದ ನಮಗೂ ಕೇಳಿಸಿತು.

ಅಷ್ಟರಲ್ಲಿ ಅಣ್ಣ. ಬೂಸಾ ಮೂಟೆ ಹಿಂದೆ ಮುಂದೆ ಹೇರಿದ ಹಳೇ ಮೊಪೆಡ್ಡನ್ನು ಸ್ಟಾರ್ಟು ಮಾಡಿ ತಂಗಿಯ ಪಕ್ಕಕ್ಕೆ ತಂದ. ತಲೆ ಅರ್ಧ ನೆರೆತಿದೆ. ಸಿಟ್ಟೋ ಕಾಳಜಿಯೋ ಹೇಳುವಂತಿರಲಿಲ್ಲ, ಮುಖ ಕೆಂಪಗಾಗಿತ್ತು. ಊರೆಲ್ಲ ನೋಡುತ್ತಿತ್ತು. ಹಿಂದಿನ ಮೂಟೆಯನ್ನು ಕೈಯಿಂದ ತಟ್ಟಿ ತೋರಿಸಿದ.

"ಎಲ್ಗವ್ವಾ ಇಂಗ್ ಓಡೀಯೆ? ಅತ್ಕೊ. ಆಸನಕ್ ತಾನೆ, ನಾನೇ ಬುಡ್ತೀನಿ. ಅತ್ಕೊ."

ಆ ಮಾತು ಕೇಳಿ ನನ್ನ ಕೈ ವ್ಯಾನಿನ ಬಾಗಿಲಿಗೆ ಹೋಯಿತು. ಇಳಿದು ಹೋಗಿ ಅವನ ಮೊಪೆಡ್ಡಿಗೆ ಅಡ್ಡ ನಿಲ್ಲಬೇಕು ಎನಿಸಿತು. ವಾರಗಿತ್ತಿ ಅಣ್ಣನ ಮುಖ ನೋಡಿದಳು. ಆಮೇಲೆ ಮುಂದೆ ನೋಡಿದಳು. ಊರು ಅಲ್ಲಿಗೆ ಮುಗಿದು ರಸ್ತೆ ಏರುತ್ತಿತ್ತು, ಏರಿನ ತುದಿಯಲ್ಲಿ ಹುಣಸೆ ಮರ.

"ನನ್ ಮರ ಬಂತಣ್ಣ," ಎಂದಳು. ಜೋರು ಮಾಡಿದಳು.

ಮೊಪೆಡ್ಡು ಪಕ್ಕದಲ್ಲೇ ಸ್ವಲ್ಪ ದೂರ ಬಂತು. ಏರು ಕಡಿದಾದ ಕಡೆ ಅದು ನರಳತೊಡಗಿತು. ಅಣ್ಣ ಎಕ್ಸಿಲರೇಟರ್ ತಿರುಚಿದ, ಕಾಲಿಂದ ನೆಲ ಒದ್ದ. ಎರಡು ಮೂಟೆ ಬೂಸಾ ಮೇಲೇರಲು ಒಪ್ಪಲಿಲ್ಲ. ಅವಳು ಕೋಲು ಹಿಡಿದ ಕೈ ಬೀಸುತ್ತಾ, ಭುಜ ಸಡಿಲ ಬಿಟ್ಟು, ನಮ್ಮೂರಿನ ದಿಬ್ಬ ಹತ್ತುವ ಹಾಗೆಯೇ ಹತ್ತಿ ಹೋದಳು. ಮೊಪೆಡ್ಡು ಒಮ್ಮೆ ಕೆಮ್ಮಿ ನಿಂತಿತು. ನಮ್ಮ ಓಮ್ನಿ ಅವನನ್ನು ದಾಟುವಾಗ ಅವನು ಒಂದು ಕಾಲು ನೆಲಕ್ಕೂರಿ ಏರಿನ ಮೇಲೆ ನೋಡುತ್ತಿದ್ದ.

"ನೀವಾರ ಏಳಿ ಅವಳ್ಗೆ," ಎಂದ ನನ್ನನ್ನು ಕಂಡು.

"ನಾನ್ಯಾಕೆ ಹೇಳ್ಲಿ? ಬೇಕಾದ್ರೆ ಗಾಡಿ ಬಿಟ್ಟು ನೀವೇ ಓಡಿ ಹೋಗಿ ಹೇಳಿ," ಎಂದೆ.

ನಮ್ಮ ತಂಡ ಅವತ್ತು ಮೂರನೆಯದಾಗಿಯೇ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವಳು ಹಣೆಯ ಕುಂಕುಮ ತೊಳೆಯದೆ ಹಸು ಕರೆಯಲು ಕುಳಿತಳು. ಅಣ್ಣನಿಗೆ ಬೇಜಾರಾಯಿತೇನೋ ಎಂದೆ.

"ಆಗ್ಲಿ," ಎಂದಳು. "ಆ ಮರ ನಾನ್ ಮುಟ್ದೆ ಕಣಕ್ಕ. ಓಡ್ತಾ ಓಡ್ತಾನೇ ಕೈ ಚಾಚಿ ಮುಟ್ಬುಟ್ಟೆ."